‘ಸಮರ್ಥಿಸಿ’ ಎನ್ನುವ ಪ್ರಶ್ನೆಗೆ ಉತ್ತರ ಸೂಚಿ ಬರೆಯುವುದು ಹೇಗೆ? ಪ್ರೌಢಶಾಲೆಯ ಇತಿಹಾಸ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

‘ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳನ್ನು ತಿಳಿಸಿ’ ಎಂಬ ಪ್ರಶ್ನೆಗೆ ಉತ್ತರ ಸೂಚಿ ಬರೆಯಲು ಯಾರಿಗೂ ತೊಂದರೆಯಿಲ್ಲ. ನಾಲ್ಕು ಅಂಶ ಬರೆದು, ‘ಪ್ರತಿ ಅಂಶಕ್ಕೆ 1 ಅಂಕ’ ಎಂದರೆ ಮುಗಿಯಿತು. ತೊಂದರೆ ಶುರುವಾಗುವುದು ‘ನಿಮ್ಮ ಅಭಿಪ್ರಾಯವನ್ನು ಸಮರ್ಥಿಸಿ’, ‘ಎಷ್ಟು ಸರಿ?’, ‘ವಿಮರ್ಶಿಸಿ’ ಎಂಬ ಪ್ರಶ್ನೆಗಳು ಬಂದಾಗ. ಅದಕ್ಕೂ ನಾಲ್ಕು ಅಂಶಗಳ ಪಟ್ಟಿಯನ್ನೇ ಬರೆದು, ಕೊನೆಗೆ ‘ಸೂಕ್ತವಾದ ಇತರ ಉತ್ತರಗಳನ್ನೂ ಪರಿಗಣಿಸಿ’ ಎಂದು ಸೇರಿಸಿಬಿಡುತ್ತಾರೆ. ಯಾವುದು ಸೂಕ್ತ ಎಂದು ಆ ಸಾಲು ಹೇಳುವುದಿಲ್ಲ. ಹಾಗಾಗಿ ಒಂದೇ ಉತ್ತರಕ್ಕೆ ಒಬ್ಬ ಶಿಕ್ಷಕರು 4 ಕೊಟ್ಟರೆ ಇನ್ನೊಬ್ಬರು 2 ಕೊಡುತ್ತಾರೆ. ಇಬ್ಬರ ಬಳಿಯೂ ಇರುವುದು ಅದೇ ಸೂಚಿ.

ಇಂಥ ಪ್ರಶ್ನೆಗೆ ಮಾದರಿ ಉತ್ತರವೊಂದೇ ಸಾಲದು. ಯಾವುದಕ್ಕೆ ಅಂಕ, ಯಾವುದಕ್ಕಿಲ್ಲ, ಗಡಿಯಲ್ಲಿ ನಿಂತ ಉತ್ತರಕ್ಕೆ ಏನು ಮಾಡಬೇಕು ಎಂಬ ತೀರ್ಮಾನಗಳನ್ನು ಉತ್ತರ ಪತ್ರಿಕೆಗಳ ಬಂಡಲ್ ಬಿಚ್ಚುವ ಮೊದಲೇ ಬರೆದಿಡಬೇಕು. ಇಲ್ಲಿ ಹತ್ತನೇ ತರಗತಿಯ ಒಂದೇ ಪ್ರಶ್ನೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಸೂಚಿ ಕಟ್ಟುತ್ತೇವೆ:

1857ರ ದಂಗೆಯನ್ನು ‘ಭಾರತದ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ ಎಂದು ಕರೆಯುವುದು ಎಷ್ಟು ಸರಿ? ನಿಮ್ಮ ಅಭಿಪ್ರಾಯವನ್ನು ಸಮರ್ಥಿಸಿ. (4 ಅಂಕ)

ಈ ಮಾರ್ಗದರ್ಶಿ ಶಾಲಾ ಮಟ್ಟದಲ್ಲಿ ನೀವೇ ಪ್ರಶ್ನೆಪತ್ರಿಕೆ ತೆಗೆಯುವ ಪರೀಕ್ಷೆಗಳಿಗೆ: ಘಟಕ ಪರೀಕ್ಷೆ, ಅರ್ಧವಾರ್ಷಿಕ, ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ. ಮಂಡಳಿಯ ಮೌಲ್ಯಮಾಪನ ಕೇಂದ್ರದಲ್ಲಿ ಮಂಡಳಿ ಕೊಟ್ಟ ಸೂಚಿಯೇ ಅಂತಿಮ.

## ಕೈಗೆ ಬೇಕಾದವು

ಪಠ್ಯಪುಸ್ತಕ, ನೀವು ಪಾಠ ಮಾಡುವಾಗ ಬರೆಸಿದ ಟಿಪ್ಪಣಿ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಮತ್ತು ಒಂದು ಗಡಿಯಾರ. ಸಾಧ್ಯವಾದರೆ ಇದೇ ಬಗೆಯ ಪ್ರಶ್ನೆಗೆ ಹಿಂದಿನ ವರ್ಷ ಮಕ್ಕಳು ಬರೆದ ಐದಾರು ಉತ್ತರಗಳನ್ನೂ ಇಟ್ಟುಕೊಳ್ಳಿ. ಮಕ್ಕಳ ಬರಹ ಮುಂದಿಲ್ಲದೆ ಬರೆದ ಸೂಚಿ ಶಿಕ್ಷಕರ ಭಾಷೆಯಲ್ಲಿರುತ್ತದೆ, ಮಕ್ಕಳ ಭಾಷೆಗೆ ಅದನ್ನು ಹೊಂದಿಸುವುದು ಕಷ್ಟವಾಗುತ್ತದೆ.

ಪಾಠದ ಟಿಪ್ಪಣಿ ಯಾಕೆ ಎಂದರೆ, ಮಕ್ಕಳು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ನೀವು ಬರೆಸಿದ್ದನ್ನೇ ಬರೆಯುತ್ತಾರೆ. ಅದರಲ್ಲಿರುವ ವಾಕ್ಯಕ್ಕೆ ಸೂಚಿಯಲ್ಲಿ ಜಾಗವಿಲ್ಲದಿದ್ದರೆ ಮೊದಲ ಹತ್ತು ಉತ್ತರ ಪತ್ರಿಕೆಗಳಲ್ಲೇ ಗೊಂದಲವಾಗುತ್ತದೆ.

## ಹಂತ 1: ಪ್ರಶ್ನೆ ಕೇಳುತ್ತಿರುವುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಸೂಚಿಯ ಮೊದಲ ಸಾಲು ಉತ್ತರವಲ್ಲ. ಮಗು ಏನು ಮಾಡಿದರೆ ಉತ್ತರಿಸಿದಂತೆ ಎಂಬ ವಾಕ್ಯ ಅಲ್ಲಿರಬೇಕು. ನಮ್ಮ ಪ್ರಶ್ನೆಗೆ ಹೀಗೆ ಬರೆಯಬಹುದು: ‘ಆ ಹೆಸರು ಸರಿ, ತಪ್ಪು ಅಥವಾ ಭಾಗಶಃ ಸರಿ ಎಂಬ ನಿಲುವು ತಳೆದು, 1857–58ರ ಘಟನೆಗಳ ಆಧಾರದಿಂದ ಅದನ್ನು ಸಾಧಿಸಬೇಕು, ನಿಲುವಿಗೆ ಎದುರಾಗುವ ಒಂದು ಸಂಗತಿಯನ್ನಾದರೂ ಗಮನಿಸಬೇಕು.’

ಅದರ ಕೆಳಗೆ, ಪ್ರಶ್ನೆ ಏನನ್ನು ಕೇಳುತ್ತಿಲ್ಲ ಎಂಬುದನ್ನೂ ಬರೆಯಿರಿ. 1857ರ ಬಗ್ಗೆ ಮಕ್ಕಳು ಬಾಯಿಪಾಠ ಮಾಡಿರುವ ಉತ್ತರಗಳು ಎರಡು: ದಂಗೆಗೆ ಕಾರಣಗಳು ಮತ್ತು ದಂಗೆ ವಿಫಲವಾಗಲು ಕಾರಣಗಳು. ಪ್ರಶ್ನೆಯಲ್ಲಿ 1857 ಕಂಡ ಕೂಡಲೇ ಇವೆರಡರಲ್ಲಿ ಒಂದನ್ನು ಇಳಿಸಿಬಿಡುತ್ತಾರೆ. ‘ಕಾರಣಗಳ ಪಟ್ಟಿ, ವಿಫಲತೆಯ ಪಟ್ಟಿ ಈ ಪ್ರಶ್ನೆಯ ಉತ್ತರವಲ್ಲ, ಅಲ್ಲಿನ ಸಂಗತಿಯನ್ನು ನಿಲುವಿಗೆ ಜೋಡಿಸಿದ್ದರೆ ಮಾತ್ರ ಪೂರ್ಣ ಅಂಕ’ ಎಂದು ಈಗಲೇ ಬರೆದಿಟ್ಟರೆ ಮುಂದೆ ಸಮಯ ಉಳಿಯುತ್ತದೆ.

ಈ ಹಂತದಲ್ಲೇ ಪ್ರಶ್ನೆಯ ದೋಷವೂ ಹೊರಬೀಳುತ್ತದೆ. ಆ ಒಂದು ವಾಕ್ಯ ಬರೆಯಲು ನೀವೇ ತಡವರಿಸಿದರೆ ಪ್ರಶ್ನೆ ಸ್ಪಷ್ಟವಾಗಿಲ್ಲ. ‘1857ರ ದಂಗೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂಬ ಪ್ರಶ್ನೆಗೆ ಒಳ್ಳೆಯ ಸೂಚಿ ಬರೆಯಲು ಯಾರಿಂದಲೂ ಆಗದು. ಪತ್ರಿಕೆ ಇನ್ನೂ ಮುದ್ರಣಕ್ಕೆ ಹೋಗಿಲ್ಲವಾದರೆ ಸೂಚಿಯನ್ನು ಬಿಟ್ಟು ಪ್ರಶ್ನೆಯನ್ನು ತಿದ್ದಿ. ಸೂಚಿಯನ್ನು ಪರೀಕ್ಷೆ ಮುಗಿದ ಮೇಲೆ ಬರೆಯದೆ, ಪ್ರಶ್ನೆಯ ಜೊತೆಗೇ ಬರೆಯಬೇಕು ಎನ್ನುವುದು ಇದೇ ಕಾರಣಕ್ಕೆ.

## ಹಂತ 2: ಗಡಿಯಾರ ಇಟ್ಟುಕೊಂಡು ನೀವೇ ಉತ್ತರ ಬರೆಯಿರಿ

80 ಅಂಕದ ಪತ್ರಿಕೆಗೆ ಮೂರು ಗಂಟೆ ಎಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ, ನಾಲ್ಕು ಅಂಕಕ್ಕೆ 9 ನಿಮಿಷ. ಅದರಲ್ಲೇ ಯೋಚನೆಯೂ ಆಗಬೇಕು, ಬರವಣಿಗೆಯೂ ಆಗಬೇಕು. ಪುಸ್ತಕ ಮುಚ್ಚಿಟ್ಟು, ಮಕ್ಕಳಿಗೆ ಗೊತ್ತಿರುವ ಸಂಗತಿಗಳನ್ನಷ್ಟೇ ಬಳಸಿ 9 ನಿಮಿಷದಲ್ಲಿ ಒಮ್ಮೆ ‘ಸರಿ’ ಎಂಬ ನಿಲುವಿನಿಂದ ಬರೆಯಿರಿ. ಮತ್ತೆ 9 ನಿಮಿಷದಲ್ಲಿ ‘ಸರಿಯಲ್ಲ’ ಎಂಬ ನಿಲುವಿನಿಂದ ಬರೆಯಿರಿ.

ಎರಡು ಸಲ ಬರೆಯುವುದನ್ನು ಬಿಡಬೇಡಿ. ಒಂದು ಕಡೆಯ ಉತ್ತರ ಸಲೀಸಾಗಿ ಬಂದು ಇನ್ನೊಂದು ಕಡೆಗೆ ಎರಡೇ ಸಾಲು ಬಂದರೆ, ನಿಮಗೆ ಅರಿವಿಲ್ಲದೆ ಸೂಚಿ ಒಂದು ಕಡೆಗೆ ವಾಲುತ್ತದೆ. ಇದು ಸಾಮಾನ್ಯವಾಗಿ ಆಗುವ, ಕಣ್ಣಿಗೆ ಬೀಳದ ತಪ್ಪು: ಪ್ರಶ್ನೆಯಲ್ಲಿ ‘ನಿಮ್ಮ ಅಭಿಪ್ರಾಯ’ ಎಂದು ಕೇಳಿ, ಸೂಚಿಯಲ್ಲಿ ಒಂದೇ ಅಭಿಪ್ರಾಯಕ್ಕೆ ಅಂಶಗಳನ್ನು ಕೊಟ್ಟಿರುತ್ತಾರೆ. ಎದುರು ನಿಲುವು ತಳೆದ ಮಗು ಎಷ್ಟು ಚೆನ್ನಾಗಿ ಬರೆದರೂ 2ರ ಮೇಲೆ ಹೋಗುವುದಿಲ್ಲ.

ನೀವು ಬರೆದ ಎರಡು ಉತ್ತರಗಳ ಸಾಲುಗಳನ್ನು ಎಣಿಸಿ. 9 ನಿಮಿಷದಲ್ಲಿ ನಿಮಗೇ ಮೂರು ಸಂಗತಿಗಳನ್ನಷ್ಟೇ ವಿವರಿಸಲು ಆಗಿದ್ದರೆ, ಮಕ್ಕಳಿಂದ ಐದು ಸಂಗತಿ ಕೇಳುವ ಸೂಚಿ ಬರೆಯಬಾರದು.

## ಹಂತ 3: ನಾಲ್ಕು ಅಂಕವನ್ನು ಒಡೆಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ‘ನಾಲ್ಕು ಅಂಶಕ್ಕೆ ನಾಲ್ಕು ಅಂಕ’ ಎಂದು ಒಡೆದರೆ ನೆನಪಿಗೆ ಅಂಕ ಹೋಗುತ್ತದೆ, ಸಮರ್ಥನೆಗೆ ಏನೂ ಸಿಗುವುದಿಲ್ಲ. ಸಂಗತಿಗೂ ನಿಲುವಿಗೂ ಮಗು ಹಾಕಿದ ಗಂಟಿಗೆ ಪ್ರತ್ಯೇಕವಾಗಿ ಅಂಕ ಇಡಬೇಕು. ನಮ್ಮ ಪ್ರಶ್ನೆಗೆ ಹಂಚಿಕೆ ಹೀಗಿರಲಿ:

- ಸರಿಯಾದ ಸಂಗತಿ: ಪ್ರತಿಯೊಂದಕ್ಕೆ ½, ಗರಿಷ್ಠ ಮೂರು ಸಂಗತಿ (1½)
- ಆ ಸಂಗತಿ ನಿಲುವನ್ನು ಹೇಗೆ ಬೆಂಬಲಿಸುತ್ತದೆ ಎಂಬ ವಿವರಣೆ: ಪ್ರತಿಯೊಂದಕ್ಕೆ ½, ಗರಿಷ್ಠ ಮೂರು (1½)
- ನಿಲುವಿಗೆ ಎದುರಾಗುವ ಸಂಗತಿಯ ಉಲ್ಲೇಖ: ½
- ಆ ಎದುರು ಸಂಗತಿಯಿದ್ದರೂ ತನ್ನ ನಿಲುವು ಯಾಕೆ ನಿಲ್ಲುತ್ತದೆ, ಅಥವಾ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬ ಮಾತು: ½

ನಿಲುವಿಗೆ ಬೇರೆ ಅಂಕ ಇಟ್ಟಿಲ್ಲ, ಬೇಕೆಂದೇ. ‘ಹೌದು, 1857ರ ದಂಗೆಯನ್ನು ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಎಂದು ಕರೆಯುವುದು ಸರಿ’ ಎಂದು ಪ್ರಶ್ನೆಯನ್ನೇ ತಿರುಗಿಸಿ ಬರೆದರೆ ನಿಲುವು ಬಂದಂತೆಯೇ. ಅದಕ್ಕೆ ಅಂಕ ಕೊಟ್ಟರೆ ಎಲ್ಲರಿಗೂ ಅದು ಸಿಗುತ್ತದೆ, ಯಾರ ತಿಳಿವಳಿಕೆಯೂ ಗೊತ್ತಾಗುವುದಿಲ್ಲ. ಆದರೆ ನಿಲುವೇ ಇಲ್ಲದಿದ್ದರೆ ವಿವರಣೆಯ ಅಂಕಗಳನ್ನು ಕೊಡಲಾಗದು, ಏಕೆಂದರೆ ಯಾವುದನ್ನು ಬೆಂಬಲಿಸುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ನಿಲುವು ಮೊದಲ ಸಾಲಿನಲ್ಲೇ ಇರಬೇಕೆಂದಿಲ್ಲ, ಕೊನೆಯಲ್ಲಿ ಬಂದರೂ ಸಾಕು ಎಂಬುದನ್ನೂ ಸೂಚನೆಯಲ್ಲಿ ಬರೆಯಿರಿ.

ಹಂಚಿಕೆ ಮುಗಿದ ಮೇಲೆ ಅದನ್ನು ಎರಡು ತುದಿಗಳಲ್ಲಿ ಪರೀಕ್ಷಿಸಿ. ಸಂಗತಿಗಳನ್ನಷ್ಟೇ ಬರೆದ ಮಗುವಿಗೆ ಎಷ್ಟು ಬರುತ್ತದೆ? 1½. ಏಳು ಸಂಗತಿ ಬರೆದರೂ ಅಷ್ಟೇ. ಸಂಗತಿಯೇ ಇಲ್ಲದೆ ‘ಎಲ್ಲರೂ ದೇಶಕ್ಕಾಗಿ ಪ್ರಾಣ ಕೊಟ್ಟರು’ ಎಂದು ಪುಟ ತುಂಬಿಸಿದವರಿಗೆ? ಸೊನ್ನೆ. ಈ ಎರಡು ಫಲಿತಾಂಶಗಳು ನಿಮಗೆ ನ್ಯಾಯವೆನಿಸಿದರೆ ಮುಂದೆ ಹೋಗಿ. ತರಗತಿಯಲ್ಲಿ ವಿವರಣೆ ಬರೆಯುವುದನ್ನು ಇನ್ನೂ ಅಭ್ಯಾಸ ಮಾಡಿಸಿಲ್ಲ, 1½ ತೀರಾ ಕಡಿಮೆಯಾಯಿತು ಎನಿಸಿದರೆ ಎದುರು ವಾದದ 1 ಅಂಕವನ್ನು ತೆಗೆದು ಎರಡು ಹೆಚ್ಚುವರಿ ಸಂಗತಿಗೆ ಕೊಡಬಹುದು. ಎಂಟನೇ ತರಗತಿಗಾದರೆ ಹಾಗೆ ಮಾಡುವುದೇ ಒಳ್ಳೆಯದು. ಏನೇ ಬದಲಿಸಿದರೂ ಈಗ ಬದಲಿಸಿ, ಮೌಲ್ಯಮಾಪನದ ನಡುವೆ ಬೇಡ.

## ಹಂತ 4: ಸಂಗತಿಗಳ ಪಟ್ಟಿಯನ್ನು ಎರಡೂ ಕಡೆಗೆ ಕಟ್ಟಿ

ಒಂದು ಹಾಳೆಯನ್ನು ನಡುವೆ ಮಡಚಿ. ಎಡಕ್ಕೆ ‘ಸರಿ’ ಎನ್ನುವವರ ಸಂಗತಿಗಳು, ಬಲಕ್ಕೆ ‘ಸರಿಯಲ್ಲ’ ಎನ್ನುವವರವು. ಪ್ರತಿ ಸಂಗತಿಯ ಮುಂದೆ ವಿವರಣೆ ಹೇಗಿರಬಹುದು ಎಂದು ಅರ್ಧ ಸಾಲು ಬರೆಯಿರಿ. ಈ ಅರ್ಧ ಸಾಲು ಇಲ್ಲದ ಪಟ್ಟಿ ಹಳೆಯ ಸೂಚಿಯೇ ಆಗಿಬಿಡುತ್ತದೆ.

‘ಸರಿ’ ಎನ್ನುವ ನಿಲುವಿಗೆ

- 1857ರ ಮೇ 10ರಂದು ಮೀರತ್‌ನಲ್ಲಿ ದಂಗೆಯೆದ್ದ ಸಿಪಾಯಿಗಳು ಮರುದಿನ ದೆಹಲಿಗೆ ಬಂದು ಎರಡನೇ ಬಹದ್ದೂರ್ ಷಾನನ್ನು ನಾಯಕನನ್ನಾಗಿ ಮಾಡಿಕೊಂಡರು. *ಕಂಪನಿ ಆಡಳಿತದ ಜಾಗಕ್ಕೆ ಬೇರೆ ಆಡಳಿತ ತರುವ ಉದ್ದೇಶವಿತ್ತು.*
- ಅವಧ್‌ನಲ್ಲಿ ತಾಲೂಕುದಾರರು ಮತ್ತು ರೈತರು ಸೇರಿದರು. *ಸೈನ್ಯದ ಹೊರಗಿನ ಜನರೂ ಇದ್ದರು.*
- ಹಿಂದೂ ಮತ್ತು ಮುಸ್ಲಿಂ ಸಿಪಾಯಿಗಳು ಜೊತೆಯಾಗಿ ಹೋರಾಡಿದರು. *ಧರ್ಮದ ಗಡಿ ಮೀರಿದ ಸಮಾನ ವೈರಿ.*
- ಹಲಗಲಿಯ ಬೇಡರು (1857), ಸುರಪುರದ ವೆಂಕಟಪ್ಪ ನಾಯಕ, ನರಗುಂದದ ಭಾಸ್ಕರರಾವ್ ಭಾವೆ (1858). *ಉತ್ತರ ಭಾರತಕ್ಕಷ್ಟೇ ಸೀಮಿತವಾಗಿರಲಿಲ್ಲ.*

‘ಸರಿಯಲ್ಲ’ ಎನ್ನುವ ನಿಲುವಿಗೆ

- ಮದ್ರಾಸ್ ಮತ್ತು ಬಾಂಬೆ ಸೈನ್ಯಗಳು ಬಹುಮಟ್ಟಿಗೆ ಕಂಪನಿಯ ಪರವೇ ಉಳಿದವು. *ಸಿಪಾಯಿಗಳೆಲ್ಲರೂ ಸೇರಲಿಲ್ಲ.*
- ಹೈದರಾಬಾದಿನ ನಿಜಾಮ, ಗ್ವಾಲಿಯರ್‌ನ ಸಿಂಧಿಯಾ ಬ್ರಿಟಿಷರ ಪರ ನಿಂತರು. ಸಿಖ್, ಗೂರ್ಖಾ ಪಡೆಗಳು ದಂಗೆ ಅಡಗಿಸಲು ನೆರವಾದವು. *ಇಡೀ ದೇಶದ ಒಮ್ಮತ ಇರಲಿಲ್ಲ.*
- ಝಾನ್ಸಿಯ ಲಕ್ಷ್ಮೀಬಾಯಿ, ನಾನಾ ಸಾಹೇಬ ಕಳೆದುಕೊಂಡ ಹಕ್ಕಿಗಾಗಿ ಹೋರಾಟಕ್ಕಿಳಿದರು: ಒಬ್ಬರಿಗೆ ದತ್ತುಪುತ್ರನ ಹಕ್ಕು, ಇನ್ನೊಬ್ಬರಿಗೆ ವಿಶ್ರಾಂತಿ ವೇತನ. *ಸ್ವಂತ ಸಂಸ್ಥಾನದ ಪ್ರಶ್ನೆ, ದೇಶದ ಸ್ವಾತಂತ್ರ್ಯದ್ದಲ್ಲ.*
- 1824ರಲ್ಲೇ ಕಿತ್ತೂರು ಚೆನ್ನಮ್ಮ ಕಂಪನಿಯ ವಿರುದ್ಧ ಯುದ್ಧ ಮಾಡಿದ್ದರು. *ಹಾಗಾದರೆ 1857 ‘ಪ್ರಥಮ’ ಅಲ್ಲ.*

ಕೊನೆಯ ಸಂಗತಿಯ ಬಗ್ಗೆ ಸ್ಪಷ್ಟ ಸೂಚನೆ ಬೇಕು. ಅವಸರದಲ್ಲಿ ನೋಡಿದ ಶಿಕ್ಷಕರು ‘1824, ಕಾಲ ತಪ್ಪು’ ಎಂದು ಗೆರೆ ಎಳೆದುಬಿಡುತ್ತಾರೆ. ‘ಸರಿ’ ಎನ್ನುವ ನಿಲುವಿಗೆ ಕಿತ್ತೂರನ್ನು 1857ರ ಘಟನೆಯೆಂದು ಬರೆದಿದ್ದರೆ ಅದು ತಪ್ಪೇ. ಆದರೆ ‘ಪ್ರಥಮ’ ಎಂಬುದನ್ನು ಪ್ರಶ್ನಿಸಲು ಬಳಸಿದ್ದರೆ ಅದು ತರಗತಿಯಲ್ಲೇ ಚುರುಕಾದ ಉತ್ತರಗಳಲ್ಲಿ ಒಂದು. ಎರಡಕ್ಕೂ ಒಂದೇ ಗೆರೆ ಬೀಳಬಾರದು.

ಇನ್ನೊಂದು ಎಚ್ಚರ: ಕೆಲವು ಸಂಗತಿಗಳು ಎರಡೂ ಕಡೆಗೆ ಸಲ್ಲುತ್ತವೆ. ಬಹದ್ದೂರ್ ಷಾನನ್ನು ನಾಯಕನನ್ನಾಗಿ ಮಾಡಿದ್ದನ್ನೇ ನೋಡಿ. ‘ಎಲ್ಲರೂ ಒಬ್ಬ ನಾಯಕನನ್ನು ಒಪ್ಪಿದರು’ ಎಂದು ಒಂದು ಮಗು ಬರೆಯಬಹುದು. ‘ಹಳೆಯ ಮೊಘಲ್ ಅರಸೊತ್ತಿಗೆಯನ್ನೇ ಮರಳಿ ತರಲು ಹೊರಟರು, ಹೊಸ ರಾಷ್ಟ್ರದ ಕಲ್ಪನೆ ಇರಲಿಲ್ಲ’ ಎಂದು ಇನ್ನೊಂದು ಬರೆಯಬಹುದು. ಎರಡಕ್ಕೂ ಪೂರ್ಣ ಅಂಕ. ಇಂಥ ಸಂಗತಿಯನ್ನು ಹಾಳೆಯ ಮಡಿಕೆಯ ಮೇಲೆಯೇ ಬರೆದು ಎರಡೂ ಕಡೆಗೆ ಬಾಣ ಹಾಕಿ. ಲಕ್ಷ್ಮೀಬಾಯಿಯ ಹೋರಾಟವೂ ಹೀಗೆಯೇ.

ಪಟ್ಟಿಯ ಕೆಳಗೆ ‘ಇತರ ಸೂಕ್ತ ಉತ್ತರ’ ಎಂಬ ಸಾಲು ಇರಲಿ, ಆದರೆ ಷರತ್ತಿನೊಂದಿಗೆ: ‘1857–58ರ ಹೆಸರು, ಸ್ಥಳ ಅಥವಾ ಘಟನೆಯನ್ನು ಗುರುತಿಸಿರಬೇಕು, ಸಂಗತಿ ಪರಿಶೀಲಿಸಿದರೆ ನಿಜವಾಗಿರಬೇಕು, “ಪ್ರಥಮ” ಎಂಬ ಮಾತನ್ನು ಪ್ರಶ್ನಿಸುವ ಹಿಂದಿನ ಘಟನೆಯೂ ಆಗಬಹುದು.’ ಬಿಹಾರದ ಕುಂವರ್ ಸಿಂಗ್, ಲಕ್ನೋದ ಬೇಗಂ ಹಜರತ್ ಮಹಲ್ ಎಂದು ಬರೆದ ಮಗು ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ಅಂಕ ಕಳೆದುಕೊಳ್ಳಬಾರದು.

## ಹಂತ 5: ಗಡಿಯಲ್ಲಿ ನಿಲ್ಲುವ ವಾಕ್ಯಗಳಿಗೆ ಮೊದಲೇ ತೀರ್ಮಾನ ಬರೆಯಿರಿ

ಪೂರ್ತಿ ಸರಿ, ಪೂರ್ತಿ ತಪ್ಪು ಉತ್ತರಗಳಿಗೆ ಸೂಚಿಯೇ ಬೇಕಿಲ್ಲ. ಸೂಚಿ ಕೆಲಸಕ್ಕೆ ಬರುವುದು ನಡುವಿನವುಗಳಿಗೆ. ಹಿಂದಿನ ವರ್ಷದ ಉತ್ತರಗಳನ್ನು ಮುಂದಿಟ್ಟುಕೊಂಡು ಮಕ್ಕಳ ವಾಕ್ಯವನ್ನೇ ಬರೆದು, ಮುಂದೆ ಅಂಕ, ಅದರ ಮುಂದೆ ಕಾರಣ ಬರೆಯಿರಿ.

‘ಬಂದೂಕಿನ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದರು.’ ಇದು ದಂಗೆಯ ತಕ್ಷಣದ ಕಾರಣ, ದಂಗೆಯ ಸ್ವರೂಪವನ್ನು ಹೇಳುವುದಿಲ್ಲ. ಇಷ್ಟೇ ಇದ್ದರೆ ½. ‘ಆದ್ದರಿಂದ ಇದು ಧಾರ್ಮಿಕ ಅಸಮಾಧಾನದಿಂದ ಹುಟ್ಟಿದ್ದು, ಸ್ವಾತಂತ್ರ್ಯಕ್ಕಾಗಿ ಅಲ್ಲ’ ಎಂದು ಮುಂದುವರಿಸಿದ್ದರೆ ಇನ್ನೂ ½.

‘ಮಂಗಲ್ ಪಾಂಡೆ ಬ್ರಿಟಿಷ್ ಅಧಿಕಾರಿಯನ್ನು ಕೊಂದನು.’ 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಆತ ದಾಳಿ ಮಾಡಿದ್ದು ನಿಜ, ಅಂದು ಅಧಿಕಾರಿಗಳು ಗಾಯಗೊಂಡರು, ಸಾಯಲಿಲ್ಲ. ಆದರೂ ½ ಕೊಡಿ: ದಾಳಿ ನಡೆದದ್ದು ಮಗುವಿಗೆ ಗೊತ್ತಿದೆ, ವಾದಕ್ಕೆ ಬೇಕಾದದ್ದೂ ಅಷ್ಟೇ. ಇಲ್ಲಿ ಒಂದು ನಿಯಮವನ್ನೇ ಬರೆದಿಡಿ: ಪಠ್ಯಪುಸ್ತಕದಲ್ಲಿ ಅಥವಾ ನೀವು ಬರೆಸಿದ ಟಿಪ್ಪಣಿಯಲ್ಲಿ ಇರುವುದನ್ನೇ ಬರೆದ ಮಗುವಿನ ಅಂಕ ಕಳೆಯುವಂತಿಲ್ಲ. ಟಿಪ್ಪಣಿ ತಪ್ಪಾಗಿದ್ದರೆ ತಿದ್ದಬೇಕಾದದ್ದು ಟಿಪ್ಪಣಿಯನ್ನು.

‘ಇಡೀ ಭಾರತದ ಜನರು ಒಂದಾಗಿ ಹೋರಾಡಿದರು.’ ಅಂಕವಿಲ್ಲ. ಹೆಸರಿಲ್ಲ, ಸ್ಥಳವಿಲ್ಲ, ಸಾಲದ್ದಕ್ಕೆ ನಿಜವೂ ಅಲ್ಲ. ‘ದೆಹಲಿ, ಕಾನ್ಪುರ, ಲಕ್ನೋ, ಝಾನ್ಸಿ ಮುಂತಾದ ಕಡೆ ಹೋರಾಡಿದರು’ ಎಂದಿದ್ದರೆ ಸಂಗತಿಗೆ ½.

‘ಸರಿಯಾದ ನಾಯಕತ್ವ ಇರಲಿಲ್ಲ, ಆಧುನಿಕ ಶಸ್ತ್ರಾಸ್ತ್ರ ಇರಲಿಲ್ಲ, ಆದ್ದರಿಂದ ಇದು ಸ್ವಾತಂತ್ರ್ಯ ಸಂಗ್ರಾಮವಲ್ಲ.’ ಹೆಚ್ಚು ವಾದಕ್ಕೆ ಎಡೆಯಾಗುವ ವಾಕ್ಯ ಇದೇ. ‘ಆದ್ದರಿಂದ’ ಇದೆ, ಹಾಗಾಗಿ ವಿವರಣೆ ಇದ್ದಂತೆ ಕಾಣುತ್ತದೆ. ಆದರೆ ಶಸ್ತ್ರ ಇಲ್ಲದೆ ಸೋತದ್ದಕ್ಕೂ ಹೋರಾಟದ ಉದ್ದೇಶಕ್ಕೂ ಸಂಬಂಧವಿಲ್ಲ. ಸೋತ ಹೋರಾಟವೂ ಸ್ವಾತಂತ್ರ್ಯದ್ದಾಗಿರಬಹುದು. ಶಸ್ತ್ರಾಸ್ತ್ರದ ಮಾತಿಗೆ ಸಂಗತಿಯ ½ ಮಾತ್ರ. ನಾಯಕತ್ವದ ಮಾತು ಬೇರೆ: ‘ಒಬ್ಬೊಬ್ಬ ನಾಯಕ ತನ್ನ ಪ್ರದೇಶಕ್ಕಾಗಿ ಹೋರಾಡಿದ, ಎಲ್ಲರಿಗೂ ಒಂದೇ ಗುರಿ ಇರಲಿಲ್ಲ’ ಎಂದು ಬಿಡಿಸಿದ್ದರೆ ವಿವರಣೆಯ ½ ಸಹ ಸಿಗಬೇಕು. ‘ಆದ್ದರಿಂದ’ ಎಂಬ ಪದ ನೋಡಿ ಅಂಕ ಕೊಡಬೇಡಿ, ಅದರ ಎರಡೂ ಬದಿಯಲ್ಲಿರುವುದು ಸೇರುತ್ತದೆಯೇ ಎಂದು ನೋಡಿ.

‘ಬ್ರಿಟಿಷರು ಇದನ್ನು ಸಿಪಾಯಿ ದಂಗೆ ಎಂದರು, ಭಾರತೀಯರು ಸ್ವಾತಂತ್ರ್ಯ ಸಂಗ್ರಾಮ ಎಂದರು.’ ಎರಡು ಅಭಿಪ್ರಾಯಗಳಿವೆ ಎಂಬುದು ಸರಿ, ಆದರೆ ಮಗುವಿನ ನಿಲುವಿಲ್ಲ. ಎದುರು ವಾದದ ಉಲ್ಲೇಖಕ್ಕೆ ½ ಕೊಡಿ, ಅಷ್ಟಕ್ಕೇ ನಿಲ್ಲಿಸಿ.

ಐದರಿಂದ ಎಂಟು ಇಂಥ ವಾಕ್ಯಗಳು ಸಾಕು. ಇಪ್ಪತ್ತು ಬರೆದರೆ ಯಾರೂ ಓದುವುದಿಲ್ಲ.

## ಹಂತ 6: ಒಂದು ಪೂರ್ಣ ಉತ್ತರಕ್ಕೆ ಅಂಕ ಹಾಕಿ ತೋರಿಸಿ

ಸೂಚಿಯಲ್ಲಿ 4ಕ್ಕೆ 4 ಬರುವ ಮಾದರಿ ಉತ್ತರ ಇದ್ದೇ ಇರುತ್ತದೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ನಡುಮಟ್ಟದ ಒಂದು ಉತ್ತರಕ್ಕೆ ಅಂಕ ಹಾಕಿದ ಮಾದರಿ. ಹೀಗೆ:

> 1857ರ ದಂಗೆಯನ್ನು ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಎನ್ನುವುದು ಸರಿ. ಮೀರತ್‌ನ ಸಿಪಾಯಿಗಳು ದೆಹಲಿಗೆ ಹೋಗಿ ಬಹದ್ದೂರ್ ಷಾನನ್ನು ಚಕ್ರವರ್ತಿ ಎಂದು ಸಾರಿದರು (½). ಅಂದರೆ ಕಂಪನಿಯನ್ನು ತೆಗೆದು ತಮ್ಮದೇ ಸರ್ಕಾರ ತರಬೇಕು ಎಂಬುದು ಅವರ ಆಸೆ (½). ಅವಧ್‌ನಲ್ಲಿ ರೈತರು ಮತ್ತು ತಾಲೂಕುದಾರರು ಸಹ ಸೇರಿದರು (½). ಝಾನ್ಸಿಯಲ್ಲಿ ರಾಣಿ ಲಕ್ಷ್ಮೀಬಾಯಿ ವೀರಾವೇಶದಿಂದ ಹೋರಾಡಿದಳು (½). ಆದರೆ ದಕ್ಷಿಣ ಭಾರತದಲ್ಲಿ ದಂಗೆ ಹೆಚ್ಚು ಹಬ್ಬಲಿಲ್ಲ (½).

ಒಟ್ಟು 2½. ಅಂಶಗಳ ಪಟ್ಟಿ ಹಿಡಿದು ನೋಡಿದವರು ಇದಕ್ಕೆ 4 ಕೊಡುತ್ತಾರೆ, ಏಕೆಂದರೆ ನಾಲ್ಕು ಸರಿಯಾದ ಅಂಶಗಳಿವೆ. ಪೂರ್ತಿ ವಿವರಣೆ ಬಯಸುವವರು 1 ಕೊಟ್ಟಾರು. ಕೊರತೆ ಎಲ್ಲಿದೆ ಎಂದು ಪಕ್ಕದಲ್ಲಿ ಬರೆಯಿರಿ. ಅವಧ್‌ನ ಸಾಲಿಗೆ ‘ಹೀಗಾಗಿ ಇದು ಸಿಪಾಯಿಗಳ ದಂಗೆ ಮಾತ್ರವಲ್ಲ’ ಎಂಬ ಒಂದು ವಾಕ್ಯ ಸೇರಿದ್ದರೆ ½ ಹೆಚ್ಚುತ್ತಿತ್ತು. ಲಕ್ಷ್ಮೀಬಾಯಿಯ ಸಾಲಿನಲ್ಲಿ ‘ವೀರಾವೇಶ’ ಹೊಗಳಿಕೆ, ವಿವರಣೆಯಲ್ಲ. ದಕ್ಷಿಣದ ಮಾತನ್ನು ಎತ್ತಿ ಹಾಗೆಯೇ ಬಿಟ್ಟಿದೆ; ‘ಆದರೂ ಸುರಪುರ, ಹಲಗಲಿಗಳಲ್ಲಿ ಜನ ಎದ್ದರು, ಆದ್ದರಿಂದ ಉತ್ತರಕ್ಕಷ್ಟೇ ಸೀಮಿತ ಎನ್ನಲಾಗದು’ ಎಂದಿದ್ದರೆ ಕೊನೆಯ ½ ಸಿಗುತ್ತಿತ್ತು.

ಈ ಟಿಪ್ಪಣಿಗಳು ಉತ್ತರ ಪತ್ರಿಕೆ ಹಂಚಿದ ದಿನ ಮಕ್ಕಳಿಗೂ ಓದಿ ಹೇಳಲು ಬರುತ್ತವೆ. ‘ಇನ್ನೂ ವಿವರಿಸಬೇಕಿತ್ತು’ ಎಂಬ ಮಾತಿನಿಂದ ಮಗುವಿಗೆ ಏನೂ ತಿಳಿಯುವುದಿಲ್ಲ, ಸೇರಬೇಕಿದ್ದ ವಾಕ್ಯವನ್ನೇ ತೋರಿಸಿದರೆ ತಿಳಿಯುತ್ತದೆ.

## ಹಂತ 7: ಏನನ್ನು ಕಳೆಯಬಾರದು ಎಂದು ಬರೆಯಿರಿ

ಇದು ಚಿಕ್ಕ ಭಾಗ, ನಾಲ್ಕೈದು ಸಾಲು ಸಾಕು. ಕಾಗುಣಿತ ತಪ್ಪಿದ್ದರೂ ಹೆಸರು ಗುರುತಿಸುವಂತಿದ್ದರೆ ಅಂಕ ಕೊಡಿ: ‘ತಾಂತ್ಯ ತೋಪಿ’ ಎಂದರೂ ತಾತ್ಯಾ ಟೋಪೆಯೇ. ಇಸವಿ ಬರೆಯಲು ಪ್ರಶ್ನೆ ಕೇಳಿಲ್ಲ, ಹಾಗಾಗಿ ಇಸವಿ ಇಲ್ಲದಿದ್ದಕ್ಕೆ ಕಳೆಯಬೇಡಿ. ತಪ್ಪು ಇಸವಿಯಿಂದ ವಾದವೇ ಕೆಟ್ಟರೆ ಮಾತ್ರ ಕಳೆಯಿರಿ. ಒಂದೇ ತಪ್ಪು ಎರಡು ಕಡೆ ಬಂದರೆ ಒಂದೇ ಸಲ ಕಳೆಯಿರಿ. ಪ್ಯಾರಾ ರೂಪದಲ್ಲಿ ಬರೆದರೂ ಅಂಶಗಳಾಗಿ ಬರೆದರೂ ಸಮಾನ. ಗೆರೆ ಎಳೆದು, ಬಣ್ಣದ ಪೆನ್ನಿನಲ್ಲಿ ಬರೆದ ಅಂದದ ಉತ್ತರಕ್ಕೆ ಹೆಚ್ಚುವರಿ ಅಂಕವಿಲ್ಲ. ಆಡುಮಾತಿನಲ್ಲಿ ಬರೆದದ್ದಕ್ಕೆ ಕಡಿತವೂ ಇಲ್ಲ.

ಈ ಪ್ರಶ್ನೆಯಲ್ಲಿ ಇನ್ನೊಂದು ಸಾಲು ಬೇಕೇ ಬೇಕು: ‘ನಿಲುವು ಮೌಲ್ಯಮಾಪಕರ ಅಭಿಪ್ರಾಯಕ್ಕೆ ವಿರುದ್ಧವಾಗಿದೆ ಎಂಬುದು ಅಂಕ ಕಳೆಯಲು ಕಾರಣವಲ್ಲ.’ 1857ರ ವಿಷಯದಲ್ಲಿ ಶಿಕ್ಷಕರಿಗೂ ಗಟ್ಟಿ ಅಭಿಪ್ರಾಯಗಳಿರುತ್ತವೆ. ‘ಸ್ವಾತಂತ್ರ್ಯ ಸಂಗ್ರಾಮವಲ್ಲ’ ಎಂದು ಬರೆದ ಮಗುವಿಗೆ ದೇಶದ ಬಗ್ಗೆ ಗೌರವವಿಲ್ಲ ಎಂದು ತಿಳಿದು ಅಂಕ ಕಡಿಮೆ ಮಾಡಿದರೆ, ಮುಂದಿನ ಸಲ ಆ ಮಗು ಯೋಚಿಸಿ ಬರೆಯುವುದನ್ನೇ ಬಿಡುತ್ತದೆ.

## ಹಂತ 8: ಆರು ಉತ್ತರಗಳ ಮೇಲೆ ಪ್ರಯೋಗಿಸಿ, ಆಮೇಲೆ ಅಂತಿಮಗೊಳಿಸಿ

ಬಂಡಲ್‌ನಿಂದ ಆರು ಉತ್ತರ ಪತ್ರಿಕೆ ತೆಗೆಯಿರಿ: ಚೆನ್ನಾಗಿ ಬರೆಯುವವರದು ಎರಡು, ನಡುಮಟ್ಟದವು ಎರಡು, ಕಷ್ಟಪಡುವವರದು ಎರಡು. ನೀವೂ ನಿಮ್ಮ ಸಹೋದ್ಯೋಗಿಯೂ ಬೇರೆಬೇರೆಯಾಗಿ ಅಂಕ ಹಾಕಿ. ಅಂಕವನ್ನು ಉತ್ತರ ಪತ್ರಿಕೆಯ ಮೇಲೆ ಬರೆಯದೆ ಪ್ರತ್ಯೇಕ ಚೀಟಿಯಲ್ಲಿ ಬರೆಯಿರಿ, ಮೊದಲು ನೋಡಿದವರ ಅಂಕ ಎರಡನೆಯವರ ಕಣ್ಣಿಗೆ ಬೀಳಬಾರದು. ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ನೀವೊಬ್ಬರೇ ಇದ್ದರೆ ಕನ್ನಡ ಶಿಕ್ಷಕರನ್ನು ಕೇಳಿ. ಸೂಚಿ ಸ್ಪಷ್ಟವಾಗಿದ್ದರೆ ಅವರ ಅಂಕವೂ ನಿಮ್ಮದರ ಹತ್ತಿರವೇ ಬರುತ್ತದೆ. ಯಾರೂ ಸಿಗದಿದ್ದರೆ ಎರಡು ದಿನ ಬಿಟ್ಟು ನೀವೇ ಇನ್ನೊಮ್ಮೆ ಹಾಕಿ.

½ ವ್ಯತ್ಯಾಸ ಬಂದರೆ ಪರವಾಗಿಲ್ಲ. 1 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯಾವ ವಾಕ್ಯದಲ್ಲಿ ಬೇರೆಯಾದಿರಿ ಎಂದು ಬೆರಳಿಟ್ಟು ಗುರುತಿಸಿ. ನಡುವಿನ ಅಂಕ ಹಾಕಿ ರಾಜಿಯಾಗಬೇಡಿ. ಆ ವಾಕ್ಯ ಹಂತ 5ರ ಪಟ್ಟಿಗೆ ಸೇರಲಿ, ತೀರ್ಮಾನದೊಂದಿಗೆ. ಮೊದಲ ಸಲದ ಸೂಚಿಗೆ ಹೀಗೆ ಎರಡು ಮೂರು ವಾಕ್ಯ ಸೇರುವುದು ಸಹಜ.

ಅಂತಿಮ ಸೂಚಿ ಈ ಕ್ರಮದಲ್ಲಿರಲಿ: ಪ್ರಶ್ನೆ ಮತ್ತು ಅದು ಕೇಳುವುದು, ಅಂಕ ಹಂಚಿಕೆ, ಎರಡು ಕಡೆಯ ಸಂಗತಿಗಳು, ಗಡಿ ವಾಕ್ಯಗಳು, ಕಳೆಯಬಾರದವು, ಅಂಕ ಹಾಕಿದ ಒಂದು ಉತ್ತರ. ಎಲ್ಲ ಸೇರಿ ಒಂದು ಹಾಳೆಯ ಎರಡು ಬದಿ ಮೀರದಿರಲಿ. ಮೌಲ್ಯಮಾಪನ ಮಾಡುವಾಗ ಹಂಚಿಕೆಯೂ ಗಡಿ ವಾಕ್ಯಗಳೂ ಒಂದೇ ಬದಿಯಲ್ಲಿ ಕಾಣುವಂತಿರಬೇಕು, ಹಾಳೆ ತಿರುಗಿಸಬೇಕಾದರೆ ಹತ್ತನೇ ಪತ್ರಿಕೆಯ ಹೊತ್ತಿಗೆ ತಿರುಗಿಸುವುದನ್ನೇ ಬಿಡುತ್ತೇವೆ.

## ಮೌಲ್ಯಮಾಪನದ ನಡುವೆ ಗಮನಿಸಬೇಕಾದ ಲಕ್ಷಣಗಳು

ಮೊದಲ ಹತ್ತು ಪತ್ರಿಕೆಗಳಾದ ಮೇಲೆ ಈ ಪ್ರಶ್ನೆಯ ಅಂಕಗಳನ್ನಷ್ಟೇ ಒಂದು ಸಾಲಿನಲ್ಲಿ ಬರೆದು ನೋಡಿ. ಎಲ್ಲರಿಗೂ 2, 2½ ಬಂದಿದ್ದರೆ ಎರಡು ಸಾಧ್ಯತೆ: ನೀವು ಹಂಚಿಕೆ ನೋಡದೆ ಅಂದಾಜಿನಲ್ಲಿ ಹಾಕುತ್ತಿದ್ದೀರಿ, ಇಲ್ಲವೇ ಮಕ್ಕಳೆಲ್ಲರೂ ಒಂದೇ ಟಿಪ್ಪಣಿಯನ್ನು ಇಳಿಸಿದ್ದಾರೆ. ಯಾವುದು ಎಂದು ತಿಳಿಯಲು ಒಂದು ಪತ್ರಿಕೆ ತೆಗೆದು ಪ್ರತಿ ½ ಎಲ್ಲಿ ಕೊಟ್ಟಿರಿ ಎಂದು ಗುರುತು ಹಾಕಿ. ಗುರುತು ಹಾಕಲು ಆಗದಿದ್ದರೆ ಮೊದಲನೆಯದೇ ಕಾರಣ.

ಎದುರು ವಾದದ 1 ಅಂಕ ಯಾರಿಗೂ ಬಂದಿಲ್ಲವಾದರೆ ಮಕ್ಕಳನ್ನು ದೂರುವ ಮೊದಲು ಪ್ರಶ್ನೆಯನ್ನು ಓದಿ. ‘ಎಷ್ಟು ಸರಿ?’ ಎಂದರೆ ಎರಡೂ ಕಡೆ ತೂಗಬೇಕು ಎಂಬುದು ನಮಗೆ ಗೊತ್ತು. ತರಗತಿಯಲ್ಲಿ ಹೇಳಿಕೊಡದೆ ಹದಿನೈದು ವರ್ಷದ ಮಗುವಿಗೆ ಅದು ತಿಳಿಯುವುದಿಲ್ಲ. ಮುಂದಿನ ಪತ್ರಿಕೆಯಲ್ಲಿ ‘ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಒಂದು ಅಂಶವನ್ನೂ ಚರ್ಚಿಸಿ’ ಎಂದು ಪ್ರಶ್ನೆಯಲ್ಲೇ ಸೇರಿಸಿ.

ಬಂಡಲ್‌ನ ಕೊನೆಯಲ್ಲಿ ಕೈ ಸಡಿಲವಾಗುವುದು ಅಥವಾ ಬಿಗಿಯಾಗುವುದು ಎಲ್ಲರಿಗೂ ಇದ್ದದ್ದೇ. ಹಾಗಾಗಿ ಇಡೀ ಉತ್ತರ ಪತ್ರಿಕೆ ಮುಗಿಸಿ ಮುಂದಿನದಕ್ಕೆ ಹೋಗುವ ಬದಲು, ಈ ಒಂದು ಪ್ರಶ್ನೆಯನ್ನು ಎಲ್ಲ ಪತ್ರಿಕೆಗಳಲ್ಲೂ ಒಟ್ಟಿಗೆ ನೋಡಿ. ಮುಗಿದ ಮೇಲೆ ಮೊದಲ ಮೂರು ಪತ್ರಿಕೆಗಳಿಗೆ ಮರಳಿ ಬನ್ನಿ. ನಡುವೆ ಹೊಸ ಬಗೆಯ ಉತ್ತರವೊಂದು ಎದುರಾಗಿ ಹೊಸ ತೀರ್ಮಾನ ಮಾಡಬೇಕಾಗಿ ಬಂದರೆ ಅದನ್ನು ಸೂಚಿಯಲ್ಲಿ ಕೆಂಪು ಶಾಯಿಯಲ್ಲಿ ದಿನಾಂಕ ಸಹಿತ ಬರೆಯಿರಿ, ಅದುವರೆಗೆ ನೋಡಿದ ಪತ್ರಿಕೆಗಳಲ್ಲಿ ಅಂಥ ಉತ್ತರ ಇತ್ತೇ ಎಂದು ತಿರುಗಿ ನೋಡಿ ಸರಿಪಡಿಸಿ. ಬೇರೆ ವಿಭಾಗದ ಪತ್ರಿಕೆಗಳನ್ನು ಇನ್ನೊಬ್ಬರು ನೋಡುತ್ತಿದ್ದರೆ ಆ ಸಾಲನ್ನು ಅಂದೇ ಅವರಿಗೂ ತಿಳಿಸಿ.